ಮೂವತ್ತಾರು ಅವಧಿಗಳ ಲೆಕ್ಕ

ಮೈಸೂರಿನಿಂದ ಚಾಮರಾಜನಗರಕ್ಕೆ ಹೋಗುವ ರೈಲು ನಂಜನಗೂಡು ಟೌನ್ ನಿಲ್ದಾಣದಲ್ಲಿ ನಿಂತು ಮುಂದಕ್ಕೆ ಹೋಗುತ್ತದೆ. ಅಲ್ಲಿನ ಸ್ಟೇಷನ್ ಮಾಸ್ಟರು ಕಾಯಿಲೆ ಬಿದ್ದು ಎರಡು ತಿಂಗಳು ರಜೆ ಹಾಕಿದರು ಅನ್ನಿ. ಟಿಕೆಟ್ ಕೊಡುವವರನ್ನು ಕರೆದು ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳಪ್ಪ, ಸಿಗ್ನಲ್ಲೂ ನೀನೇ ನೋಡ್ಕೊ’ ಎಂದು ಯಾರೂ ಹೇಳುವುದಿಲ್ಲ. ರಜೆ ಹೋದವರ ಜಾಗಕ್ಕೆ ಬರುವುದಕ್ಕೆಂದೇ ರೈಲ್ವೆಯಲ್ಲಿ ರಿಲೀವಿಂಗ್ ಸ್ಟೇಷನ್ ಮಾಸ್ಟರ್ ಎಂಬವರು ಇರುತ್ತಾರೆ. ಇಷ್ಟು ಜನ ಕೆಲಸಗಾರರಿದ್ದರೆ ಅವರಲ್ಲಿ ಇಷ್ಟು ಜನ ಸದಾ ರಜೆಯಲ್ಲಿರುತ್ತಾರೆ ಎಂದು ರೈಲ್ವೆ ಮೊದಲೇ ಲೆಕ್ಕ ಹಾಕಿ, ಅದಕ್ಕೆ ತಕ್ಕಂತೆ ಹುದ್ದೆಗಳನ್ನು ಇಟ್ಟುಕೊಂಡಿದೆ. ಅದಕ್ಕೆ ‘ಲೀವ್ ರಿಸರ್ವ್’, ರಜಾ ಮೀಸಲು, ಎಂದು ಹೆಸರು.

ಅದೇ ನಿಲ್ದಾಣದಿಂದ ನಾಲ್ಕಾರು ಮೈಲಿ ಆಚೆ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಅಲ್ಲಿನ ಗಣಿತದ ಮೇಡಂ ಹೆರಿಗೆ ರಜೆ ಹಾಕಿದರೆ ಅವರ ಜಾಗಕ್ಕೆ ಯಾರು ಬರುತ್ತಾರೆ ಎಂಬ ಪ್ರಶ್ನೆಗೆ ಉತ್ತರ ಸಾಮಾನ್ಯವಾಗಿ ಒಂದೇ: ಇರುವವರು ನೋಡಿಕೊಳ್ಳುತ್ತಾರೆ. ‘ಇರುವವರು’ ಎಂಬ ಈ ಗುಂಪಿನೊಳಗೆ ಹೊರೆ ನಿಜವಾಗಿ ಯಾರ ಹೆಗಲಿಗೆ ಬೀಳುತ್ತದೆ, ಅದನ್ನು ನ್ಯಾಯವಾಗಿ ಹಂಚಲು ಸಾಧ್ಯವೇ, ಸಾಧ್ಯವಿಲ್ಲದಿದ್ದರೆ ತಪ್ಪು ಎಲ್ಲಿದೆ ಎಂಬುದೇ ಇಲ್ಲಿನ ವಿಚಾರ. ಶಾಲೆಯನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ನಂಜನಗೂಡಿನ ಕೈಗಾರಿಕಾ ಪ್ರದೇಶದ ಯಾವುದೇ ಕಾರ್ಖಾನೆಯಲ್ಲಿ ಒಂದು ಯಂತ್ರದ ಮುಂದೆ ಆಳಿಲ್ಲದಿದ್ದರೆ ಅದು ಆ ಸಂಜೆಯ ಉತ್ಪಾದನೆಯ ಲೆಕ್ಕದಲ್ಲೇ ಗೊತ್ತಾಗುತ್ತದೆ. ಉಳಿದವರಿಂದ ಹೆಚ್ಚು ಹೊತ್ತು ದುಡಿಸಿಕೊಂಡರೆ ಕಾನೂನಿನ ಪ್ರಕಾರ ಆ ಹೊತ್ತಿಗೆ ದುಪ್ಪಟ್ಟು ಕೂಲಿ ಕೊಡಬೇಕು. ಶಾಲೆಯಲ್ಲಿ ಹಾಗಿಲ್ಲ. ಗಂಟೆ ಹೊಡೆಯುತ್ತದೆ, ಪ್ರಾರ್ಥನೆ ನಡೆಯುತ್ತದೆ, ಬಿಸಿಯೂಟ ಬೇಯುತ್ತದೆ. ಆರನೇ ತರಗತಿಯಲ್ಲಿ ಗಣಿತ ನಡೆಯಲಿಲ್ಲ ಎಂಬುದು ಯಾವ ಬೋರ್ಡಿನಲ್ಲೂ ಆ ದಿನ ಕಾಣುವುದಿಲ್ಲ. ಕಾಣದ ಕೊರತೆಯನ್ನು ಯಾರ ಮೇಲೆ ಬೇಕಾದರೂ ಹೊರಿಸಬಹುದು.

ನಿಯಮ ಏನು ಕೊಡುತ್ತದೆ ಎಂಬುದು ಸ್ಪಷ್ಟವಾಗಿದೆ. ಕರ್ನಾಟಕ ನಾಗರಿಕ ಸೇವಾ ನಿಯಮಗಳ 135ನೇ ನಿಯಮದ ಪ್ರಕಾರ, ಬದುಕಿರುವ ಮಕ್ಕಳು ಇಬ್ಬರಿಗಿಂತ ಕಡಿಮೆ ಇರುವ ಮಹಿಳಾ ನೌಕರರಿಗೆ 180 ದಿನ ಸಂಬಳ ಸಹಿತ ಹೆರಿಗೆ ರಜೆ ಉಂಟು. 2021ರಿಂದ ಇದರ ಜೊತೆಗೆ ಇಡೀ ಸೇವಾವಧಿಯಲ್ಲಿ ಆರು ತಿಂಗಳ ಶಿಶುಪಾಲನಾ ರಜೆಯೂ ಬಂತು. ಖಾಸಗಿ ಸಂಸ್ಥೆಗಳಲ್ಲಿ 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ 26 ವಾರ ಆಯಿತು. ಇವೆಲ್ಲ ಹೋರಾಡಿ ಪಡೆದವು, ಸರಿಯಾದವು. ಆದರೆ ಇವು ರಜೆ ಹೋಗುವವರ ಬಗ್ಗೆ ಮಾತಾಡುತ್ತವೆಯೇ ಹೊರತು ಉಳಿಯುವವರ ಬಗ್ಗೆ ಅಲ್ಲ. ಸೇವಾ ನಿಯಮಗಳಲ್ಲಿ ಇನ್ನೊಂದು ಹುದ್ದೆಯ ಪ್ರಭಾರ ಹೊತ್ತವರಿಗೆ ಪ್ರಭಾರ ಭತ್ಯೆ ಎಂಬುದಿದೆ ನಿಜ. ಅದು ವಿಧ್ಯುಕ್ತವಾಗಿ ಆದೇಶ ಮಾಡಿ ಹುದ್ದೆಯೊಂದನ್ನು ವಹಿಸಿಕೊಟ್ಟಾಗಿನ ಮಾತು. ಪಕ್ಕದ ಕೋಣೆಯ ಮಕ್ಕಳು ಗಲಾಟೆ ಮಾಡುತ್ತಿವೆ ಎಂದು ನಡುಬಾಗಿಲಲ್ಲಿ ನಿಂತು ಎರಡೂ ಕಡೆ ಪಾಠ ಮಾಡಿದವರಿಗೆ ಯಾವ ಆದೇಶವೂ ಇರುವುದಿಲ್ಲ, ಭತ್ಯೆಯೂ ಇರುವುದಿಲ್ಲ. ರಜೆ ಕೊಟ್ಟಿದ್ದು ಇಲಾಖೆ, ಅದರ ಬೆಲೆ ತೆರುತ್ತಿರುವವರು ಸಹೋದ್ಯೋಗಿಗಳು. ಸಿಟ್ಟು ಮಾತ್ರ ಇಬ್ಬರನ್ನೂ ಬಿಟ್ಟು ಬಸುರಿಯ ಮೇಲೆ ತಿರುಗುತ್ತದೆ.

ಈಗ ಒಂದು ಶಾಲೆಯ ಲೆಕ್ಕ ಹಾಕೋಣ. ಹೆಸರು ಬೇಡ, ನಂಜನಗೂಡು, ತಿರುಮಕೂಡಲು ನರಸೀಪುರ ತಾಲ್ಲೂಕುಗಳಲ್ಲಿ ಇಂಥವು ಬೇಕಾದಷ್ಟು ಸಿಗುತ್ತವೆ ಎನ್ನುವಂಥ ಶಾಲೆ. ಒಂದರಿಂದ ಏಳನೇ ತರಗತಿ, ನೂರ ಹತ್ತು ಮಕ್ಕಳು, ಮುಖ್ಯ ಶಿಕ್ಷಕರೂ ಸೇರಿ ಐದು ಜನ. ಒಂದರಿಂದ ಮೂರು ನಲಿ-ಕಲಿ, ಒಂದೇ ಕೋಣೆ. ನಾಲ್ಕರಿಂದ ಏಳರವರೆಗೆ ನಾಲ್ಕು ತರಗತಿ. ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೆ ಎಂಟು ಅವಧಿ, ಶನಿವಾರ ಬೆಳಿಗ್ಗೆ ಐದು, ವಾರಕ್ಕೆ 45. ಐದು ಕೋಣೆಗಳಿಗೂ ಪೂರ್ತಿ ಪಾಠ ನಡೆಯಬೇಕಾದರೆ ವಾರಕ್ಕೆ 225 ಅವಧಿ ಬೇಕು. ಐದು ಜನ ಒಂದು ನಿಮಿಷವೂ ಕೂರದೆ ದುಡಿದರೆ ಮಾತ್ರ ಅಷ್ಟಾಗುತ್ತದೆ. ಹಾಗೆ ಯಾರೂ ದುಡಿಯಲಾರರು, ದುಡಿಯಲೂಬಾರದು. ಶಿಕ್ಷಣ ಹಕ್ಕು ಕಾಯ್ದೆ ಶಿಕ್ಷಕರ ವಾರದ 45 ಗಂಟೆಯಲ್ಲಿ ಪಾಠದ ತಯಾರಿಯ ಹೊತ್ತನ್ನೂ ಸೇರಿಸಿಯೇ ಹೇಳಿರುವುದು ಅದಕ್ಕೆ. ಆದ್ದರಿಂದ ಸಹಶಿಕ್ಷಕರು ನಾಲ್ವರೂ ತಲಾ 36 ಅವಧಿ, ಕಚೇರಿ ಕೆಲಸವಿರುವ ಮುಖ್ಯ ಶಿಕ್ಷಕರು 24 ಅವಧಿ ತೆಗೆದುಕೊಳ್ಳುತ್ತಾರೆ ಎಂದಿಟ್ಟುಕೊಳ್ಳಿ. ಒಟ್ಟು 168. ಉಳಿದ 57 ಅವಧಿಗಳನ್ನು ನಾಲ್ಕು-ಐದು, ಆರು-ಏಳು ತರಗತಿಗಳನ್ನು ಸೇರಿಸಿ ಕೂರಿಸಿ ನಿಭಾಯಿಸುತ್ತಾರೆ. ಅಂದರೆ ಎಲ್ಲರೂ ಹಾಜರಿರುವ ದಿನವೂ ಈ ಶಾಲೆ ನಡೆಯುತ್ತಿರುವುದು ಕೈಸಾಲದಲ್ಲಿಯೇ.

ಇಲ್ಲಿ ಗಣಿತ-ವಿಜ್ಞಾನದ ಮೇಡಂ ಜುಲೈ 15ಕ್ಕೆ ರಜೆ ಹಾಕಿದರೆ 180 ದಿನ ಮುಗಿಯುವುದು ಜನವರಿ 10ಕ್ಕೆ. ನಡುವೆ ದಸರಾ ರಜೆ, ಭಾನುವಾರಗಳು, ಹಬ್ಬಗಳು ಹೋದರೂ ನೂರ ಇಪ್ಪತ್ತಕ್ಕೆ ಮೇಲ್ಪಟ್ಟು ಶಾಲಾ ದಿನಗಳು ಉಳಿಯುತ್ತವೆ. ಆರರಿಂದ ಎಂಟನೇ ತರಗತಿಗೆ ಕಾಯ್ದೆ ಕೇಳುವುದು ವರ್ಷಕ್ಕೆ ಕನಿಷ್ಠ 220 ದಿನ. ಅರ್ಧಕ್ಕಿಂತ ಹೆಚ್ಚು ವರ್ಷ ಇದರೊಳಗೇ ಹೋಯಿತು.

ಮೊದಲು ಹೊಳೆಯುವ ದಾರಿ ಭಾಗಾಕಾರ. 36 ಅವಧಿ, ನಾಲ್ಕು ಜನ, ತಲಾ ಒಂಬತ್ತು. ಸಹಶಿಕ್ಷಕರದು 45 ಆಯಿತು, ಮುಖ್ಯ ಶಿಕ್ಷಕರದು 33. ಕಾಗದದ ಮೇಲೆ ಸಮಪಾಲು. ಆದರೆ ಸಹಶಿಕ್ಷಕರಿಗೆ ವಾರದಲ್ಲಿ ಒಂದು ಅವಧಿಯೂ ಬಿಡುವಿಲ್ಲ. ಇಲ್ಲಿಗೇ ನಿಂತರೂ ಅನ್ಯಾಯ ಎಲ್ಲರಿಗೂ ಸಮನಾಗಿಯಾದರೂ ಇರುತ್ತಿತ್ತು. ಎರಡು ವಾರದಲ್ಲಿ ಈ ಸಮಪಾಲೂ ಕದಲುತ್ತದೆ. ಮೈಸೂರಿನಿಂದ ಬಸ್ಸಿನಲ್ಲಿ ಬಂದುಹೋಗುವವರಿಗೆ ಸಂಜೆ ಬಸ್ಸು ತಪ್ಪಬಾರದು; ಹಾಗಾಗಿ ಊರಿನಲ್ಲೇ ಮನೆ ಮಾಡಿಕೊಂಡಿರುವವರ ಪಾಲಿಗೆ ಕೊನೆಯ ಅವಧಿ. ಕನ್ನಡದ ಮೇಷ್ಟ್ರಿಗೆ ಬೀಜಗಣಿತ ಬರುವುದಿಲ್ಲ. ಹಾಗಾಗಿ ಲೆಕ್ಕ ಬರುವ ಒಬ್ಬರಿಗೇ ಎಲ್ಲ ಲೆಕ್ಕ. ಚಿಕ್ಕ ವಯಸ್ಸಿನ, ಮದುವೆಯಾಗದ ಶಿಕ್ಷಕಿ ಇದ್ದರಂತೂ ‘ನಿಂಗೇನಮ್ಮ, ಗಂಡನೇ ಮಕ್ಳೇ’ ಎಂಬ ಒಂದು ಮಾತಿನಲ್ಲಿ ತೀರ್ಮಾನ ಆಗಿಹೋಗುತ್ತದೆ. ಯಾರೂ ಕೆಟ್ಟವರಲ್ಲ. ಹೊರೆ ಸುಲಭವಾಗಿ ಇಳಿಯುವ ಕಡೆಗೆ ಇಳಿಯುತ್ತದೆ, ಅಷ್ಟೆ.

ನರಸೀಪುರದ ಕಡೆಯ ಒಂದು ಶಾಲೆಯಲ್ಲಿ ಅಂಥ ಒಬ್ಬ ಶಿಕ್ಷಕಿ ಮುಖ್ಯ ಶಿಕ್ಷಕರಿಗೆ ಹೇಳಿದ್ದನ್ನು ಕೇಳಿದ್ದೇನೆ. ಅವರ ಮೇಜಿನ ಮೇಲೆ ನೋಟ್‌ಬುಕ್ಕಿನ ಎರಡು ಗುಡ್ಡೆ ಇತ್ತು. ‘ಸಾರ್, ಪಾಠ ಮಾಡಕ್ಕೆ ನಂಗೇನೂ ಬೇಜಾರಿಲ್ಲ. ಟೈಮ್‌ಟೇಬಲ್‌ನಲ್ಲಿ ನೀವು ಪೀರಿಯಡ್ ಹಂಚಿದ್ರಿ, ಇವನ್ನ ಹಂಚಲಿಲ್ವಲ್ಲ’ ಎಂದರು. ಸಾರ್ ಒಂದು ಗುಡ್ಡೆಯಿಂದ ಐದಾರು ಪುಸ್ತಕ ತೆಗೆದು ತಮ್ಮ ಕಡೆ ಎಳೆದುಕೊಂಡರು. ಆವತ್ತು ಅಷ್ಟೇ ಆಗಿದ್ದು.

ಆ ಮಾತಿನಲ್ಲಿ ವೇಳಾಪಟ್ಟಿಯ ದೊಡ್ಡ ದೋಷವೊಂದು ಸಿಕ್ಕಿಬಿದ್ದಿದೆ. ಆರು-ಏಳರಲ್ಲಿ ನಲವತ್ತು ಮಕ್ಕಳಿದ್ದರೆ ಗಣಿತ, ವಿಜ್ಞಾನ ಎರಡೂ ಸೇರಿ ವಾರಕ್ಕೆ ಎಂಬತ್ತು ನೋಟ್‌ಬುಕ್. ಒಂದಕ್ಕೆ ಎರಡು ನಿಮಿಷವೆಂದರೂ 160 ನಿಮಿಷ, ಅಂದರೆ ನಲವತ್ತು ನಿಮಿಷದ ನಾಲ್ಕು ಅವಧಿ. ಈ ನಾಲ್ಕು ಅವಧಿ 36ರೊಳಗೆ ಇಲ್ಲವೇ ಇಲ್ಲ. ಮೌಲ್ಯಮಾಪನದ ಅಂಕಗಳನ್ನು ಏರಿಸುವುದು, ಆ ತರಗತಿಯ ಹಾಜರಿಯನ್ನು ಸ್ಯಾಟ್ಸ್‌ಗೆ ತುಂಬುವುದು, ಹಾಲು-ಮೊಟ್ಟೆ ಹಂಚುವಾಗ ಸಾಲು ನೋಡುವುದು, ಬಾರದ ಹುಡುಗನ ಮನೆಗೆ ಹೋಗಿ ವಿಚಾರಿಸುವುದು, ಇವೂ ಇಲ್ಲ. ರಜೆ ಹೋದವರ ಕೆಲಸ ಎಂದರೆ ಅವರ ಅವಧಿಗಳು ಎಂದುಕೊಂಡು ಅದನ್ನಷ್ಟೇ ಹಂಚಿದರೆ, ಉಳಿದದ್ದು ಹಂಚದೆಯೇ ಯಾರದೋ ಮೇಜಿನ ಮೇಲೆ ಬಂದು ಕೂರುತ್ತದೆ. ಆದ್ದರಿಂದ ಮಾಡಬೇಕಾದ ಮೊದಲ ಕೆಲಸ ಬರೆಯುವುದು. ರಜೆಗೆ ಹೋಗುವವರನ್ನೇ ಕೂರಿಸಿಕೊಂಡು, ಅವರು ಒಂದು ವಾರದಲ್ಲಿ ಏನೇನು ಮಾಡುತ್ತಾರೆ ಎಂಬುದನ್ನೆಲ್ಲ ಒಂದು ಹಾಳೆಯಲ್ಲಿ ಇಳಿಸುವುದು. ಹೆರಿಗೆ ರಜೆಯಲ್ಲಿ ಇದಕ್ಕೆ ಬೇಕಾದಷ್ಟು ಪುರುಸೊತ್ತು ಇದೆ. ನಾಲ್ಕೈದು ತಿಂಗಳು ಮೊದಲೇ ದಿನಾಂಕ ಹೆಚ್ಚುಕಮ್ಮಿ ಗೊತ್ತಿರುವ ಗೈರುಹಾಜರಿ ಇನ್ನಾವುದೂ ಇಲ್ಲ. ಆದರೂ ಜುಲೈ 14ರ ಸಂಜೆವರೆಗೆ ಯಾರೂ ಆ ವಿಷಯ ಎತ್ತದೆ, 15ರ ಬೆಳಿಗ್ಗೆ ‘ಇವತ್ತು ಆರನೇ ಕ್ಲಾಸಿಗೆ ಯಾರು ಹೋಗ್ತೀರಿ’ ಎಂದು ಕೇಳುವುದೇ ನಮ್ಮ ರೂಢಿ.

ಬರೆದ ಮೇಲೆ ಎರಡನೆಯ ಕೆಲಸ ಕಳೆಯುವುದು. ಹಂಚಿಕೆ ಆಮೇಲೆ. ಐವರು ಮಾಡುತ್ತಿದ್ದುದನ್ನು ನಾಲ್ವರು ಮಾಡಬೇಕಾದಾಗ ಏನೋ ಒಂದು ನಿಲ್ಲಲೇಬೇಕು. ಏನು ನಿಲ್ಲುತ್ತದೆ ಎಂದು ಮುಖ್ಯಸ್ಥರು ತೀರ್ಮಾನಿಸದಿದ್ದರೆ ಪ್ರತಿಯೊಬ್ಬರೂ ಒಳಗೊಳಗೇ ತೀರ್ಮಾನಿಸಿಕೊಳ್ಳುತ್ತಾರೆ, ಆಗ ನಿಲ್ಲುವುದು ಸಾಮಾನ್ಯವಾಗಿ ಅತ್ಯಂತ ಮುಖ್ಯವಾದದ್ದೇ. ಕೇಳುವವರಿಲ್ಲದ ಗಣಿತದ ಪಾಠ ನಿಲ್ಲುತ್ತದೆ, ಮೇಲಿನಿಂದ ಫೋನು ಬರುವ ಅಂಕಿಅಂಶದ ಕೆಲಸ ನಡೆಯುತ್ತದೆ.

ಮೇಡಂ ಅವರ 36 ಅವಧಿಯನ್ನೇ ಬಿಡಿಸಿ ನೋಡಿ. ಆರು, ಏಳು ತರಗತಿಗಳ ಗಣಿತ ತಲಾ ಏಳರಂತೆ 14, ವಿಜ್ಞಾನ ತಲಾ ಆರರಂತೆ 12, ನಾಲ್ಕು-ಐದಕ್ಕೆ ಸೇರಿಸಿ ಮಾಡುವ ಗಣಿತ 10. ಇದರಲ್ಲಿ ಯಾವುದನ್ನು ಸೇರಿಸಬಹುದು, ಯಾವುದನ್ನು ಸೇರಿಸಬಾರದು ಎಂಬುದು ವಿಷಯದ ಒಳಗಿನ ಪ್ರಶ್ನೆ. ಗಣಿತ ಮೆಟ್ಟಿಲು ಮೆಟ್ಟಿಲಾಗಿ ಹೋಗುವಂಥದು. ಪೂರ್ಣಾಂಕಗಳ ಕೂಡುವಿಕೆ ಬರದವನಿಗೆ ಸರಳ ಸಮೀಕರಣ ಬರುವುದಿಲ್ಲ. ಆರನೆಯವರನ್ನೂ ಏಳನೆಯವರನ್ನೂ ಒಟ್ಟಿಗೆ ಕೂರಿಸಿದರೆ ಒಬ್ಬರಿಗೆ ಅರ್ಥವಾಗದು, ಇನ್ನೊಬ್ಬರಿಗೆ ಬೇಸರ. ವಿಜ್ಞಾನ ಹಾಗಲ್ಲ. ಸಸ್ಯ, ಬೆಳಕು, ವಿದ್ಯುತ್ತು ಎರಡೂ ತರಗತಿಗಳಿಗೆ ಬೇರೆ ಬೇರೆ ಆಳದಲ್ಲಿ ಬರುವ ವಿಷಯಗಳು. ಒಂದೇ ಬ್ಯಾಟರಿ, ಒಂದೇ ಬಲ್ಬು ಇಟ್ಟು ಇಬ್ಬರಿಗೂ ತೋರಿಸಿ, ಪ್ರಶ್ನೆಗಳನ್ನು ಬೇರೆ ಮಾಡಬಹುದು. ವಿಜ್ಞಾನ ಸೇರಿಸಿದರೆ ಆರು ಅವಧಿ ಉಳಿಯಿತು. ಇತರರ ವಿಷಯಗಳಲ್ಲಿ ಚಿತ್ರಕಲೆ, ದೈಹಿಕ ಶಿಕ್ಷಣದಂಥ ಇನ್ನೂ ಆರು ಅವಧಿ ಸೇರಿಸಬಹುದು ಎಂದಿಟ್ಟುಕೊಳ್ಳಿ. ಈಗ ಹಂಚಬೇಕಾದ್ದು 36 ಅಲ್ಲ, 24. ತಲಾ ಆರು. ಸಹಶಿಕ್ಷಕರದು 42ಕ್ಕೆ ನಿಂತಿತು, ಮುಖ್ಯ ಶಿಕ್ಷಕರದು 30ಕ್ಕೆ.

ಸೇರಿಸಿ ಪಾಠ ಮಾಡುವುದೇ ಕೀಳು ಎಂಬ ಭಾವನೆ ಮೈಸೂರು ಜಿಲ್ಲೆಯವರಿಗಾದರೂ ಬರಬಾರದು. ನಲಿ-ಕಲಿ ಹುಟ್ಟಿದ್ದೇ ಪಕ್ಕದ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, 1995ರಲ್ಲಿ, ಯುನಿಸೆಫ್ ನೆರವಿನಿಂದ. ಅಲ್ಲಿನ ಶಿಕ್ಷಕರು ರಿಷಿ ವ್ಯಾಲಿಗೆ ಹೋಗಿ ನೋಡಿ ಬಂದು, ತಮ್ಮ ಮಕ್ಕಳಿಗೆ ತಕ್ಕಂತೆ ಕಟ್ಟಿಕೊಂಡದ್ದು. ಒಬ್ಬ ಶಿಕ್ಷಕರ ಕೈಯಲ್ಲಿ ಮೂರು ತರಗತಿ ಎಂಬ ಕೊರತೆಯನ್ನು ಒಪ್ಪಿಕೊಂಡು, ಅದಕ್ಕೆಂದೇ ಕಾರ್ಡುಗಳನ್ನೂ ಕಲಿಕಾ ಏಣಿಯನ್ನೂ ಮಾಡಿದರು. ತಯಾರಿ ಮಾಡಿ ಸೇರಿಸುವುದು ಒಂದು ಪದ್ಧತಿ, ತಯಾರಿಯಿಲ್ಲದೆ ಸೇರಿಸುವುದು ಸಂತೆ. ಎರಡರ ನಡುವಿನ ವ್ಯತ್ಯಾಸಕ್ಕೆ ಬೇಕಾದದ್ದು ರಜೆಗೆ ಮೊದಲಿನ ಎರಡು ವಾರ. ಅದನ್ನೂ ಮೇಡಂ ಜೊತೆ ಕೂತೇ ಮಾಡಬೇಕು. ಆರು ತಿಂಗಳಲ್ಲಿ ಯಾವ ಪಾಠಗಳು ಬಿಡಲಾಗದವು, ಯಾವುವನ್ನು ಜನವರಿಯ ನಂತರ ತಾವೇ ಬಂದು ಮಾಡಬಹುದು ಎಂದು ಅವರಿಗಿಂತ ಚೆನ್ನಾಗಿ ಬಲ್ಲವರು ಆ ಶಾಲೆಯಲ್ಲಿ ಇರುವುದಿಲ್ಲ.

ಕಳೆಯುವ ಕೆಲಸದಲ್ಲಿ ಇಲಾಖೆಗೂ ಒಂದು ಪಾಲಿದೆ, ಅದಕ್ಕೆ ದುಡ್ಡು ಬೇಕಾಗಿಲ್ಲ. ರಜೆಯಿಂದ ಒಬ್ಬರು ಕಡಿಮೆಯಾಗಿರುವ ಶಾಲೆಯಿಂದ ಆ ಆರು ತಿಂಗಳು ಯಾರನ್ನೂ ತರಬೇತಿಗೆ ಕರೆಯಬಾರದು. ಕರೆಯಲೇಬೇಕಾದರೆ ಅದನ್ನು ಜನವರಿಯ ನಂತರದ ತಂಡಕ್ಕೆ ಹಾಕಬಹುದು. ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಮು ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದು ಎನ್ನುತ್ತದೆ. ಚುನಾವಣೆ ಎಂಬ ಬಾಗಿಲಿನಿಂದ ಮತಗಟ್ಟೆ ಮಟ್ಟದ ಅಧಿಕಾರಿಯ, ಬಿಎಲ್‌ಓ, ಕೆಲಸ ಒಳಗೆ ಬಂದಿದೆ. ಅದು ಇರಲಿ, ಐದು ಶಿಕ್ಷಕರ ಶಾಲೆಯಲ್ಲಿ ಒಬ್ಬರು ಹೆರಿಗೆ ರಜೆಯಲ್ಲಿದ್ದಾಗ ಇನ್ನೊಬ್ಬರನ್ನು ಮನೆಮನೆ ಸುತ್ತಲು ಕಳಿಸದೆ, ಪೂರ್ತಿ ಸಿಬ್ಬಂದಿ ಇರುವ ಪಕ್ಕದ ಶಾಲೆಯಿಂದ ಕಳಿಸಬಹುದಲ್ಲ? ತಾಲ್ಲೂಕು ಕಚೇರಿಗೆ ಇದು ಗೊತ್ತಾಗುವುದಿಲ್ಲ. ಏಕೆಂದರೆ ಅವರ ಪಟ್ಟಿಯಲ್ಲಿ ರಜೆಯಲ್ಲಿರುವವರೂ ಶಾಲೆಯ ಸಿಬ್ಬಂದಿಯೇ. ಪಟ್ಟಿಯಲ್ಲಿ ಐದು, ಶಾಲೆಯಲ್ಲಿ ನಾಲ್ಕು.

ವೈದ್ಯಕೀಯ ರಜೆ ಇದಕ್ಕಿಂತ ಕಷ್ಟದ್ದು, ಅದರ ಬಗ್ಗೆ ನಾವು ಮಾತಾಡುವುದು ಇನ್ನೂ ಕಡಿಮೆ. ಹೆರಿಗೆ ರಜೆಗೆ ಕೊನೆಯ ದಿನಾಂಕವಿದೆ. ಅಪಘಾತದಲ್ಲಿ ತೊಡೆ ಮುರಿದವರು, ಕ್ಯಾನ್ಸರ್ ಚಿಕಿತ್ಸೆಗೆ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಓಡಾಡುವವರು, ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್‌ಗೆ ಹೋಗುವವರು, ಇವರ ರಜೆ ಕಂತಿನಲ್ಲಿ ಬರುತ್ತದೆ. ಮೊದಲು ಹದಿನೈದು ದಿನದ ಸರ್ಟಿಫಿಕೇಟು. ಆಮೇಲೆ ಒಂದು ತಿಂಗಳದು. ಗಳಿಕೆ ರಜೆ ಮುಗಿಯಿತು, ಪರಿವರ್ತಿತ ರಜೆ ಶುರುವಾಯಿತು, ಅದೂ ತೀರಿ ಅರ್ಧ ವೇತನಕ್ಕೆ ಬಂತು. ಪ್ರತಿ ಕಂತಿನಲ್ಲೂ ‘ಇನ್ನು ಹದಿನೈದು ದಿನ ತಾನೆ, ತಳ್ಳೋಣ’ ಎಂದು ಉಳಿದವರು ತಾತ್ಕಾಲಿಕವಾಗಿ ಹೊರುತ್ತಾರೆ. ಹೀಗೆ ತಾತ್ಕಾಲಿಕ ಎಂಬ ಹೆಸರಿನಲ್ಲೇ ಎಂಟು ತಿಂಗಳು ಕಳೆದಿರುತ್ತದೆ. ವೇಳಾಪಟ್ಟಿ ಮಾತ್ರ ಮೊದಲ ಹದಿನೈದು ದಿನಕ್ಕೆ ಮಾಡಿದ್ದೇ.

ಇಲ್ಲಿ ನಾನು ಒಪ್ಪುವ ಸೂತ್ರ ಒರಟಾದದ್ದು: ಎರಡನೇ ಸರ್ಟಿಫಿಕೇಟು ಬಂದ ದಿನವೇ ಅದನ್ನು ಆ ಅರ್ಧವರ್ಷದ ಪರೀಕ್ಷೆ ಮುಗಿಯುವವರೆಗಿನ ರಜೆ ಎಂದು ಇಟ್ಟುಕೊಂಡು ವೇಳಾಪಟ್ಟಿ ಮಾಡಬೇಕು. ಅವರು ಬೇಗ ಬಂದರೆ ಒಳ್ಳೆಯದೇ ಆಯಿತು, ಬಂದವರಿಗೆ ಮೊದಲ ವಾರಗಳಲ್ಲಿ ಹಗುರವಾದ ಕೆಲಸ ಕೊಡಲು ಅವಕಾಶವಾಯಿತು. ತಪ್ಪಿದರೂ ನಷ್ಟವಿಲ್ಲದ ಕಡೆಗೆ ತಪ್ಪಬೇಕು. ಇದಕ್ಕೆ ಕಾಯಿಲೆಯ ಹೆಸರು ಬೇಕಾಗಿಲ್ಲ ಎಂಬುದು ಇನ್ನೂ ಮುಖ್ಯ. ಸ್ಟಾಫ್ ರೂಮಿನಲ್ಲಿ ‘ಅವರಿಗೆ ಏನಂತೆ’ ಎಂಬ ಮಾತು ಶುರುವಾದರೆ ಅದು ಊರೊಳಗೆ ಹೋಗಲು ಒಂದು ಸಂಜೆ ಸಾಕು. ಗರ್ಭಕೋಶದ ಶಸ್ತ್ರಚಿಕಿತ್ಸೆಯೋ ಮನಸ್ಸಿನ ಕಾಯಿಲೆಯೋ ಆದರಂತೂ ಹೇಳುವುದೇ ಬೇಡ. ಸಹೋದ್ಯೋಗಿಗಳಿಗೆ ತಿಳಿಯಬೇಕಾದದ್ದು ಎಷ್ಟು ದಿನ ಎಂಬುದು, ಏಕೆ ಎಂಬುದಲ್ಲ. ಈ ಗೆರೆಯನ್ನು ಮುಖ್ಯ ಶಿಕ್ಷಕರೇ ಕಾಯಬೇಕು.

ರಜೆಯಲ್ಲಿರುವವರ ಫೋನೂ ಇದರಲ್ಲಿ ಸೇರಿದೆ. ಬಾಣಂತಿಗೆ ದಿನಕ್ಕೊಂದು ಕರೆ ಹೋಗುತ್ತದೆ: ಪ್ರಯೋಗದ ಪೆಟ್ಟಿಗೆಯ ಬೀಗದ ಕೈ ಎಲ್ಲಿ, ಕಳೆದ ಕಿರುಪರೀಕ್ಷೆಯ ಅಂಕ ಯಾವ ಪುಸ್ತಕದಲ್ಲಿ, ಒಟಿಪಿ ಬಂದಿದೆ ಹೇಳಿ ಮೇಡಂ. ಬಿಎಲ್‌ಓ ಆ್ಯಪ್ ಅವರ ಮೊಬೈಲ್ ನಂಬರಿಗೇ ಕಟ್ಟುಬಿದ್ದಿದ್ದರೆ ಒಟಿಪಿ ಮಗುವಿನ ತೊಟ್ಟಿಲ ಪಕ್ಕ ಬಂದು ಬೀಳುತ್ತದೆ. ಈ ಕರೆಗಳು ಸಹಾಯ ಕೇಳುವಂತೆ ಕಂಡರೂ, ಹಂಚಿಕೆ ಸೋತು ಹೊರೆಯ ಒಂದು ಪಾಲು ಮತ್ತೆ ರಜೆಯಲ್ಲಿರುವವರಿಗೇ ಹೋಗಿದೆ ಎಂಬುದರ ಗುರುತು. ಹೊಣೆ ಒಪ್ಪಿಸುವ ಹಾಳೆಯಲ್ಲಿ ಬೀಗದ ಕೈ, ಅಂಕದ ಪುಸ್ತಕ, ನಂಬರು ಬದಲಾವಣೆ ಇರಬೇಕು. ಅವುಗಳಿಗಿಂತ ಮೇಲೆ ಮಕ್ಕಳ ಬಗ್ಗೆ ನಾಲ್ಕು ಸಾಲು ಇರಬೇಕು: ಯಾರಿಗೆ ಇನ್ನೂ ಮಗ್ಗಿ ಬಾರದು, ಯಾವ ಹುಡುಗನಿಗೆ ಫಿಟ್ಸ್ ಬರುತ್ತದೆ, ಯಾವ ಹುಡುಗಿ ಕಬ್ಬು ಕಡಿಯುವ ಕಾಲಕ್ಕೆ ತಮ್ಮನನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿದುಬಿಡುತ್ತಾಳೆ. ಇದನ್ನು ಯಾವ ಆ್ಯಪೂ ಕೇಳುವುದಿಲ್ಲ.

ಇಷ್ಟೆಲ್ಲ ಮಾಡಿದರೂ ನಮ್ಮ ಶಾಲೆಯ ಲೆಕ್ಕ 42ರಲ್ಲಿ ನಿಂತಿದೆ. ಮುಖ್ಯ ಶಿಕ್ಷಕರು ಎಷ್ಟೇ ಜಾಣರಾಗಿರಲಿ, ಎಷ್ಟೇ ನಿಷ್ಪಕ್ಷಪಾತಿಯಾಗಿರಲಿ, ನಾಲ್ಕು ಗೋಡೆಯೊಳಗೆ ಇದು ಇನ್ನೂ ಕೆಳಗಿಳಿಯುವುದಿಲ್ಲ. ವಾರಕ್ಕೆ ಎರಡು ದಿನ ಹತ್ತಿರದ ಶಾಲೆಯ ಗಣಿತದ ಶಿಕ್ಷಕರೊಬ್ಬರು ನಿಯೋಜನೆಯ ಮೇಲೆ ಬಂದು 12 ಅವಧಿ ತೆಗೆದುಕೊಂಡರೆ ಹಂಚಬೇಕಾದ್ದು 12ಕ್ಕೆ ಬರುತ್ತದೆ, ತಲಾ ಮೂರು. ಸಹಶಿಕ್ಷಕರು 39, ಮುಖ್ಯ ಶಿಕ್ಷಕರು 27. ಇದು ಹೊರಬಹುದಾದ ಭಾರ. ಆದರೆ ಆ ಶಿಕ್ಷಕರು ಬಂದ ಶಾಲೆಯಲ್ಲಿ ಅದೇ ಎರಡು ದಿನ ಅದೇ ತೂತು. ನಿಯೋಜನೆ ಕೊರತೆಯನ್ನು ಜರುಗಿಸುತ್ತದೆ, ಮುಚ್ಚುವುದಿಲ್ಲ.

ಮತ್ತೆ ರೈಲ್ವೆಯ ಲೆಕ್ಕಕ್ಕೇ ಬರಬೇಕು. ಒಂದು ಶಾಲೆಯಲ್ಲಿ ಹೆರಿಗೆ ರಜೆ ಎಂಬುದು ಎಂದೋ ಒಮ್ಮೆ ಆಗುವ ಘಟನೆ. ಹದಿನೈದು ಶಾಲೆಗಳ, ಅರವತ್ತು ಶಿಕ್ಷಕರ ಒಂದು ಕ್ಲಸ್ಟರಿನಲ್ಲಿ ಅದು ಪ್ರತಿ ವರ್ಷವೂ ಆಗುವ ಸಂಗತಿ. ವರ್ಷದಲ್ಲಿ ಮೂವರು ಹೆರಿಗೆಗೆ, ಒಬ್ಬರು ಕಾಯಿಲೆಗೆ ಆರಾರು ತಿಂಗಳು ಹೋದರು ಎಂದುಕೊಂಡರೆ ಒಟ್ಟು 24 ತಿಂಗಳು, ಅಂದರೆ ಪೂರ್ತಿ ಎರಡು ಹುದ್ದೆ. ಕ್ಲಸ್ಟರಿಗೆ ಇಬ್ಬರು ರಜಾ ಮೀಸಲು ಶಿಕ್ಷಕರಿದ್ದರೆ ಅವರು ಒಂದು ದಿನವೂ ಸುಮ್ಮನೆ ಕೂರುವುದಿಲ್ಲ. ರಜೆಯನ್ನು ಶಾಲೆಯ ಮಟ್ಟದಲ್ಲಿ ನೋಡಿದರೆ ಅದು ಆಕಸ್ಮಿಕ, ಕ್ಲಸ್ಟರಿನ ಮಟ್ಟದಲ್ಲಿ ನೋಡಿದರೆ ನಿಶ್ಚಿತ. ನಿಶ್ಚಿತವಾದದ್ದಕ್ಕೆ ಹುದ್ದೆ ಇಡದೆ, ಆಕಸ್ಮಿಕ ಎಂಬ ಹೆಸರಿನಲ್ಲಿ ಸಣ್ಣ ಸಣ್ಣ ಶಾಲೆಗಳಿಗೆ ಹಂಚಿಬಿಡುವುದೇ ಇಲ್ಲಿನ ಮೂಲ ಅನ್ಯಾಯ. ಉಳಿದವೆಲ್ಲ ಇದರ ಮರಿಗಳು.

ಸರ್ಕಾರಕ್ಕೆ ಇದು ಹೊಸ ವಿಚಾರವೂ ಅಲ್ಲ. ಐಎಎಸ್ ಅಧಿಕಾರಿಗಳ ವೃಂದದ ಬಲವನ್ನು ನಿಗದಿ ಮಾಡುವಾಗ ‘ರಜಾ ಮೀಸಲು ಮತ್ತು ಕಿರಿಯ ಹುದ್ದೆಗಳ ಮೀಸಲು’ ಎಂದು ಹಿರಿಯ ಕರ್ತವ್ಯ ಹುದ್ದೆಗಳ ಶೇ. 16.5ರವರೆಗೆ ಸೇರಿಸುವ ಪದ್ಧತಿ ಇದೆ. ಜಿಲ್ಲಾಧಿಕಾರಿ ರಜೆ ಹೋಗುತ್ತಾರೆ ಎಂಬುದನ್ನು ಊಹಿಸಿಕೊಂಡ ವ್ಯವಸ್ಥೆ, ತಲಕಾಡಿನ ಬಳಿಯ ಶಿಕ್ಷಕಿ ಬಸುರಿಯಾಗುತ್ತಾರೆ ಎಂಬುದನ್ನು ಯಾಕೆ ಊಹಿಸಿಕೊಳ್ಳಬಾರದು?

‘ಖಾಲಿ ಹುದ್ದೆಗಳನ್ನೇ ತುಂಬಲು ಆಗುತ್ತಿಲ್ಲ, ಮೀಸಲು ಹುದ್ದೆ ಎಲ್ಲಿಂದ’ ಎಂಬ ಆಕ್ಷೇಪ ಬರುತ್ತದೆ, ಅದರಲ್ಲಿ ಹುರುಳಿದೆ. ಕಾಯಂ ಹುದ್ದೆ ಸದ್ಯಕ್ಕೆ ದೂರದ ಮಾತು ಎಂದೇ ಇಟ್ಟುಕೊಳ್ಳೋಣ. ಅತಿಥಿ ಶಿಕ್ಷಕರ ಏರ್ಪಾಡು ಇದ್ದೇ ಇದೆ. ಅದು ಮುಖ್ಯವಾಗಿ ಖಾಲಿ ಹುದ್ದೆಗಳ ಲೆಕ್ಕದಲ್ಲಿ ನಡೆಯುತ್ತಿದೆ. ಅದನ್ನು ದೀರ್ಘ ರಜೆಗೂ ಹಕ್ಕಿನಂತೆ ವಿಸ್ತರಿಸಬಹುದು. 2025-26ರ ಬಜೆಟ್ಟಿನಲ್ಲಿ ಎರಡು ಸಾವಿರ ಏರಿಸಿದ ಮೇಲೆ ಪ್ರಾಥಮಿಕ ಶಾಲೆಯ ಅತಿಥಿ ಶಿಕ್ಷಕರ ಗೌರವಧನ ತಿಂಗಳಿಗೆ 12,000 ರೂಪಾಯಿ. ಆರು ತಿಂಗಳಿಗೆ 72,000. ಒಂದು ಹೆರಿಗೆ ರಜೆಯ ನಿಜವಾದ ಬೆಲೆ ಇಲಾಖೆಗೆ ಇಷ್ಟು. ಬ್ರಿಟನ್ನಿನಲ್ಲಿ ಮಾಲೀಕರು ಕೊಟ್ಟ ಶಾಸನಬದ್ಧ ಹೆರಿಗೆ ವೇತನದಲ್ಲಿ ದೊಡ್ಡ ಸಂಸ್ಥೆಗಳಿಗೂ ಶೇ. 92ರಷ್ಟನ್ನು ಸರ್ಕಾರ ಹಿಂದಕ್ಕೆ ಕೊಡುತ್ತದೆ; ಹಾಗಾಗಿ ಆ ಕಾಲಕ್ಕೆ ಇನ್ನೊಬ್ಬರನ್ನು ನೇಮಿಸಿಕೊಳ್ಳಲು ಕೈಯಲ್ಲಿ ಹಣ ಉಳಿಯುತ್ತದೆ. ನಮ್ಮಲ್ಲಿ ರಜೆಯಲ್ಲಿರುವವರ ಸಂಬಳಕ್ಕೆ ಲೆಕ್ಕಶೀರ್ಷಿಕೆ ಇದೆ, ಅವರ ಬದಲಿಗೆ ಇಲ್ಲ. ಆ ಎಪ್ಪತ್ತೆರಡು ಸಾವಿರವನ್ನು ನಾಲ್ವರು ಸಹೋದ್ಯೋಗಿಗಳಿಂದ ಬಿಡುವಿನ ರೂಪದಲ್ಲೂ, ನಲವತ್ತು ಮಕ್ಕಳಿಂದ ಬಾರದ ಗಣಿತದ ರೂಪದಲ್ಲೂ ವಸೂಲು ಮಾಡಿಕೊಳ್ಳಲಾಗುತ್ತಿದೆ.

ಅತಿಥಿ ಶಿಕ್ಷಕಿಯೇ ಬಸುರಿಯಾದರೆ ಎಂಬ ಪ್ರಶ್ನೆಯನ್ನು ಇಲ್ಲಿ ಬಿಡುವಂತಿಲ್ಲ. ಗುತ್ತಿಗೆಯ ಅವಧಿ ಮುಗಿದರೂ ಹೆರಿಗೆ ಸೌಲಭ್ಯ ಮೊಟಕಾಗಬಾರದು ಎಂದು ಸುಪ್ರೀಂ ಕೋರ್ಟು 2023ರಲ್ಲಿ ಡಾ. ಕವಿತಾ ಯಾದವ್ ಪ್ರಕರಣದಲ್ಲಿ ಹೇಳಿದೆ. ಒಬ್ಬರ ರಜೆಯನ್ನು ತುಂಬಲು ರಜೆಯೇ ಇಲ್ಲದ ಇನ್ನೊಬ್ಬರನ್ನು ತಂದು ನಿಲ್ಲಿಸಿದರೆ ಹೊರೆ ಅತಿ ದುರ್ಬಲರ ಕಡೆಗೆ ಜಾರಿತು ಎಂದೇ ಅರ್ಥ.

ಇನ್ನು ಮೇಡಂ ಜನವರಿ 11ರಂದು ಹಿಂದಿರುಗುತ್ತಾರೆ. ‘ಆರು ತಿಂಗಳು ಆರಾಮವಾಗಿದ್ರಿ, ಇನ್ಮೇಲೆ ಎಲ್ಲ ನಿಮ್ದೇ’ ಎಂದು ನಗುತ್ತಲೇ ಹೇಳಿ, ವಾರ್ಷಿಕೋತ್ಸವದ ನೃತ್ಯ, ಬಾಕಿ ನೋಟ್‌ಬುಕ್, ಏಪ್ರಿಲ್‌ವರೆಗಿನ ಕೊನೆಯ ಅವಧಿಗಳನ್ನೆಲ್ಲ ಅವರಿಗೆ ಬರೆಯುವುದುಂಟು. ಹೊತ್ತವರಿಗೆ ಏನೋ ಬಾಕಿ ಬರಬೇಕಾಗಿದೆ ಎಂಬುದು ನಿಜ. ಆದರೆ ಆ ಸಾಲ ಮಾಡಿದವರು ಮೇಡಂ ಅಲ್ಲ. ಅವರು ಕಾನೂನು ಕೊಟ್ಟ ರಜೆ ತೆಗೆದುಕೊಂಡರು. ಸಾಲ ಇಲಾಖೆಯದು, ತೀರಿಸಬೇಕಾದದ್ದೂ ಇಲಾಖೆಯೇ: ಹೆಚ್ಚು ಅವಧಿ ಹೊತ್ತವರ ಸೇವಾ ದಾಖಲೆಯಲ್ಲಿ ಅದು ಬರೆದಿರಬೇಕು, ಮುಂದಿನ ವರ್ಷ ಚುನಾವಣೆ, ಗಣತಿಯ ಕೆಲಸಕ್ಕೆ ಅವರ ಹೆಸರು ಕೊನೆಗೆ ಬರಬೇಕು. ಹಿಂದಿರುಗಿದವರಿಗೆ ಮೊದಲ ತಿಂಗಳು ಅವರ ಹಳೆಯ 36ರಲ್ಲಿ ಗಣಿತದ 24 ಕೊಟ್ಟರೆ ಸಾಕು. ಮುಂದೂಡಿದ್ದ ಪಾಠಗಳನ್ನು ಮುಗಿಸುವುದೇ ಅವರಿಗೆ ಕೈತುಂಬ ಕೆಲಸ. ವಿಜ್ಞಾನದ 12ನ್ನು ಸೇರಿಸಿದ ಆರಾಗಿಯೇ ಇನ್ನೊಂದು ತಿಂಗಳು ಬೇರೆಯವರು ನಡೆಸಬಹುದು. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಮಗುವಿಗೆ ಹಾಲು ಕೊಡಲು ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ ಬೇಕು; ಹೆಚ್ಚಿನ ಶಾಲೆಗಳಲ್ಲಿ ಅದಕ್ಕೆ ಸಿಗುವುದು ಕ್ರೀಡಾ ಸಾಮಗ್ರಿ ತುಂಬಿದ ಕೋಣೆಯೇ, ಅದಕ್ಕೆ ಒಳಗಿನಿಂದ ಚಿಲಕ ಹಾಕಿಸುವುದನ್ನು ಜನವರಿ 10ರೊಳಗೆ ಮಾಡಿ ಮುಗಿಸಬೇಕು.